ರೊಟ್ಟಿ ಲೆಕ್ಕ ಬೇರೆ ಬರೀರಿ, ಹಿಂಡಿ ಲೆಕ್ಕ ಬೇರೆ ಬರೀರಿ

"ನಾ ಮನ್ಯಾಗ ರೊಟ್ಟಿ ಮಾಡಿ ಮಾರ್ತೀನ್ರೀ, ನನಗ್ಯಾಕ ಜಿಎಸ್‌ಟಿ?"

ಕಲಬುರಗಿಯಲ್ಲಿ ಸಣ್ಣ ವ್ಯಾಪಾರದವರ ಲೆಕ್ಕ ನೋಡುವ ಕೆಲಸ ನನ್ನದು. ಈ ಪ್ರಶ್ನೆಯನ್ನು ನಮ್ಮ ಅಕ್ಕಂದಿರು ಮತ್ತೆ ಮತ್ತೆ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಬರೀ ರೊಟ್ಟಿ ಮಾರುವವರಿಗೆ ಈಗ ಜಿಎಸ್‌ಟಿ ಬೇಡವೇ ಬೇಡ. ಆದರೆ ನಮ್ಮ ಕಡೆ ಬರೀ ರೊಟ್ಟಿ ಯಾರು ಮಾರುತ್ತಾರೆ ಹೇಳಿ? ರೊಟ್ಟಿ ಜೊತೆ ಶೇಂಗಾ ಹಿಂಡಿ ಬರುತ್ತದೆ, ಅಗಸಿ ಹಿಂಡಿ ಬರುತ್ತದೆ. ಹಬ್ಬ ಬಂತೆಂದರೆ ಶೇಂಗಾ ಹೋಳಿಗೆ, ಉಂಡಿ. ಲೆಕ್ಕ ಬದಲಾಗುವುದು ಅಲ್ಲೇ.

ಕಾನೂನು ಮೊದಲು ನೋಡೋಣ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟಾಗಳಿಗೆ ತೆರಿಗೆ ಇಲ್ಲ. ಅದಕ್ಕೂ ಮೊದಲು ರೊಟ್ಟಿ, ಚಪಾತಿಗೆ ಶೇಕಡಾ 5 ಇತ್ತು. ಹಿಂಡಿ ಮತ್ತು ಸಿಹಿ ತಿಂಡಿಗಳಿಗೆ ಈಗಲೂ ಶೇಕಡಾ 5 ಇದೆ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರಿದರೆ ವರ್ಷಕ್ಕೆ ಎಷ್ಟೇ ಲಕ್ಷ ಆಗಲಿ, ನೋಂದಣಿ ಬೇಕಿಲ್ಲ. ತೆರಿಗೆ ಇರುವ ಮಾಲು ಒಂದಾದರೂ ಸೇರಿತೆಂದರೆ ಮಿತಿ ಲೆಕ್ಕಕ್ಕೆ ಬರುತ್ತದೆ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಈ ಮಿತಿ ವರ್ಷಕ್ಕೆ 40 ಲಕ್ಷ. ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್.

ಜನ ಎಡವುವುದು ಇದರ ನಂತರದ ಮಾತಿನಲ್ಲಿ. ಆ 40 ಲಕ್ಷ ಎಣಿಸುವಾಗ ತೆರಿಗೆ ಇಲ್ಲದ ರೊಟ್ಟಿಯ ಹಣವೂ ಸೇರುತ್ತದೆ. ಇದನ್ನು ಹೇಳಿದರೆ ಯಾರೂ ಒಮ್ಮೆಗೆ ನಂಬುವುದಿಲ್ಲ. "ತೆರಿಗೆನೇ ಇಲ್ಲಂದ ಮ್ಯಾಲ ಅದನ್ನ್ಯಾಕ ಎಣಿಸ್ತಾರ್ರೀ?" ಅನ್ನುತ್ತಾರೆ. ಆದರೆ ಒಟ್ಟು ವಹಿವಾಟು ಅಂದರೆ ಒಂದು ಪ್ಯಾನ್ ಮೇಲೆ ಮಾರಿದ ಎಲ್ಲವೂ ಅಂತಲೇ ಕಾನೂನು ಹೇಳುತ್ತದೆ. ನಗದಲ್ಲಿ ಮಾರಿದ್ದೂ ಸೇರಿತು, ಫೋನ್‌ಪೇಯಲ್ಲಿ ಬಂದದ್ದೂ ಸೇರಿತು.

ಒಂದು ಲೆಕ್ಕ ಹಾಕೋಣ. ನಾಲ್ಕೈದು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ದಿನಕ್ಕೆ ಸುಮಾರು ಸಾವಿರ ಖಡಕ್ ರೊಟ್ಟಿ ತಟ್ಟುವ ಒಬ್ಬ ಅಕ್ಕ ಇದ್ದಾರೆ ಅನ್ನಿ. ರೊಟ್ಟಿಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 25 ಲಕ್ಷ ದಾಟುತ್ತದೆ. ಹಿಂಡಿ, ಹೋಳಿಗೆ, ಉಂಡಿ ಸೇರಿ 9 ಲಕ್ಷ. ಒಟ್ಟು 35 ಲಕ್ಷದ ಆಚೀಚೆ. ನೋಂದಣಿ ಬೇಕಿಲ್ಲ. ಮುಂದಿನ ವರ್ಷ ಎರಡು ಖಾನಾವಳಿಯವರು ದಿನಾಲೂ ರೊಟ್ಟಿ ಕೇಳುತ್ತಾರೆ. ಎಳ್ಳಮಾಸಿಗೆ ಸಜ್ಜಿ ರೊಟ್ಟಿಯ ಆರ್ಡರ್ ಮೈಮೇಲೆ ಬೀಳುತ್ತದೆ. ಜನವರಿ ಹೊತ್ತಿಗೆ ರೊಟ್ಟಿ 29 ಲಕ್ಷ, ಉಳಿದದ್ದು 11 ಲಕ್ಷ ಆಗಿ 40 ಲಕ್ಷ ಮುಟ್ಟುತ್ತದೆ. ತೆರಿಗೆಯ ಮಾಲು 11 ಲಕ್ಷದ್ದೇ ಆದರೂ, ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅವರು ನೋಂದಣಿಗೆ ಅರ್ಜಿ ಹಾಕಬೇಕು.

ಇಲ್ಲಿ ಎಷ್ಟೋ ಜನ ಹೆದರುವುದು, ಏಪ್ರಿಲ್‌ನಿಂದ ಮಾರಿದ್ದಕ್ಕೆಲ್ಲ ತೆರಿಗೆ ಕಟ್ಟಬೇಕೇನೋ ಅಂತ. ಹಾಗಿಲ್ಲ. ಮಿತಿ ದಾಟಿದ ಮೇಲಿನ ಮಾರಾಟಕ್ಕೆ ಮಾತ್ರ. 30 ದಿನದೊಳಗೆ ಅರ್ಜಿ ಹಾಕಿದರೆ, ಮಿತಿ ದಾಟುವ ಹಿಂದಿನ ದಿನ ಮನೆಯಲ್ಲಿದ್ದ ಶೇಂಗಾ, ಪ್ಯಾಕಿಂಗ್ ಕವರ್ ಮುಂತಾದವುಗಳ ಮೇಲೆ ಕೊಟ್ಟ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅವು ತೆರಿಗೆಯ ಮಾಲಿಗೆ ಬಳಸುವಂಥವು ಆಗಿರಬೇಕು, ಬಿಲ್ ಇರಬೇಕು. ತಡ ಮಾಡಿದರೆ ಆ ಅವಕಾಶ ಹೋಗುತ್ತದೆ. ನಡುವಿನ ತೆರಿಗೆ ಕೈಯಿಂದ ಹೋಗುತ್ತದೆ, ಮೇಲೆ ಬಡ್ಡಿ, ದಂಡ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಭಾಗದ ಮನೆ ವ್ಯಾಪಾರಕ್ಕೆ 40 ಲಕ್ಷಕ್ಕಿಂತ ರಾಜ್ಯದ ಗಡಿಯೇ ದೊಡ್ಡ ವಿಷಯ. ಬೆಂಗಳೂರಿನವರಿಗೆ ಇದು ಇಷ್ಟು ತಟ್ಟುವುದಿಲ್ಲ. ನಮಗೆ ಸೊಲ್ಲಾಪುರ, ಹೈದರಾಬಾದ್ ಮನೆಯಂಗಳದಲ್ಲಿವೆ. ಬೀದರಿನವರಿಗೆ ಜಹೀರಾಬಾದ್ ಹತ್ತಿರ, ಯಾದಗಿರಿಯವರಿಗೆ ನಾರಾಯಣಪೇಟೆ ಹತ್ತಿರ. ಅಲ್ಲಿರುವ ನಮ್ಮವರು ವಾಟ್ಸಾಪಿನಲ್ಲಿ ಆರ್ಡರ್ ಹಾಕುತ್ತಾರೆ, ಇವರು ಬಸ್ಸಿಗೆ ಪಾರ್ಸಲ್ ಇಡುತ್ತಾರೆ. ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ. ಮೊದಲ ಡಬ್ಬಿ ಹಿಂಡಿಗೇ ನೋಂದಣಿ ಬೇಕು. ಬರೀ ರೊಟ್ಟಿ ಕಳಿಸಿದರೆ ಬೇಡ, ಅದಕ್ಕೆ ತೆರಿಗೆಯೇ ಇಲ್ಲವಲ್ಲ. ಹೈದರಾಬಾದಿನವರೇ ಕಲಬುರಗಿಗೆ ಬಂದಾಗ ನಿಮ್ಮ ಮನೆ ಬಾಗಿಲಲ್ಲಿ ಕೊಂಡು ಒಯ್ದರೆ ಅದೂ ಇಲ್ಲಿಯ ಮಾರಾಟವೇ. ಆದ್ದರಿಂದ ನೋಂದಣಿ ಇಲ್ಲದವರಿಗೆ ನಾನು ಹೇಳುವುದು: ಗಡಿ ಆಚೆಗೆ ರೊಟ್ಟಿ ಕಳಿಸಿ, ಹಿಂಡಿ ಬೇಡ. ಹಿಂಡಿಯ ಆರ್ಡರ್ ಅಲ್ಲಿಂದಲೇ ಜಾಸ್ತಿ ಬರುತ್ತಿದ್ದರೆ, ಕದ್ದು ಕಳಿಸುವುದಕ್ಕಿಂತ ನೋಂದಣಿ ಮಾಡಿಸಿಕೊಂಡು ಧೈರ್ಯವಾಗಿ ಕಳಿಸಿ.

ಇನ್ನೊಂದು ಗುಂಡಿ ಇದೆ. ಗಿರಾಕಿಯೇ ಜೋಳದ ಹಿಟ್ಟು ತಂದು ಕೊಡುತ್ತಾರೆ, ಇವರು ಕೂಲಿಗೆ ರೊಟ್ಟಿ ತಟ್ಟಿ ಕೊಡುತ್ತಾರೆ. ಅಥವಾ ಮದುವೆ ಮನೆಗೆ ಹೋಗಿ ಅಡುಗೆ ಮಾಡಿ ಬಡಿಸಿ ಬರುತ್ತಾರೆ. ಇವೆರಡೂ ಸರಕಿನ ಮಾರಾಟವಲ್ಲ, ಸೇವೆ. 40 ಲಕ್ಷದ ಮಿತಿ ಇರುವುದು ಬರೀ ಸರಕು ಮಾರುವವರಿಗೆ. ಸೇವೆ ಸೇರಿತೆಂದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದ ಅಕ್ಕ ಮದುವೆ ಅಡುಗೆಯ ಕೆಲಸವನ್ನೂ ಹಿಡಿದಿದ್ದರೆ ಮೊದಲ ವರ್ಷವೇ ನೋಂದಣಿ ಆಗಬೇಕಿತ್ತು.

ನೋಂದಣಿ ಆಯಿತು ಅಂದುಕೊಳ್ಳಿ. gst.gov.in ನಲ್ಲಿ ಇದಕ್ಕೆ ಸರ್ಕಾರಿ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೋ, ಮನೆಯ ಕರೆಂಟ್ ಬಿಲ್ ಇಲ್ಲವೇ ತೆರಿಗೆ ರಸೀದಿ ಬೇಕು. ಮನೆ ಗಂಡನ ಅಥವಾ ಅತ್ತೆಯ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಬರುವ ಸಂಖ್ಯೆ 15 ಅಕ್ಷರದ್ದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆಸಬೇಕು, ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು.

ನಂತರದ ಮುಖ್ಯ ತೀರ್ಮಾನ, ಮಾಮೂಲಿ ನೋಂದಣಿಯೋ, ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯೋ ಅನ್ನುವುದು. "ಕಾಂಪೊಸಿಷನ್‌ನಾಗ ಒಂದೇ ಪರ್ಸೆಂಟ್, ಅದನ್ನೇ ಮಾಡಿಸ್ರಿ" ಅಂತ ಯಾರೋ ಹೇಳಿರುತ್ತಾರೆ. ಕಣ್ಣು ಮುಚ್ಚಿ ಒಪ್ಪಬೇಡಿ. ತಾನೇ ತಯಾರಿಸಿ ಮಾರುವವರಿಗೆ ಆ ಶೇಕಡಾ 1 ಬೀಳುವುದು ಒಟ್ಟು ಮಾರಾಟದ ಮೇಲೆ. ಅಂದರೆ ತೆರಿಗೆಯೇ ಇಲ್ಲದ ರೊಟ್ಟಿಯ ಮೇಲೂ ಬೀಳುತ್ತದೆ. ಅದನ್ನು ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವಂತಿಲ್ಲ, ನಿಮ್ಮ ಲಾಭದಿಂದಲೇ ಕೊಡಬೇಕು.

ಅದೇ ಅಕ್ಕನ ಇಡೀ ವರ್ಷದ ವಹಿವಾಟು 48 ಲಕ್ಷ ಅನ್ನಿ. ಕಾಂಪೊಸಿಷನ್‌ನಲ್ಲಿ 48 ಸಾವಿರ ಕಟ್ಟಬೇಕು. ಮಾಮೂಲಿಯಲ್ಲಿ ಹಿಂಡಿ, ಹೋಳಿಗೆಗೆ ಮಾತ್ರ ಶೇಕಡಾ 5. ಅವು 14 ಲಕ್ಷ ಇದ್ದರೆ ತೆರಿಗೆ 70 ಸಾವಿರ. ಆದರೆ ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಪಡೆಯಬಹುದು. ಶೇಂಗಾ, ಡಬ್ಬಿ, ಕವರ್ ಕೊಳ್ಳುವಾಗ ಕೊಟ್ಟ ತೆರಿಗೆಯಲ್ಲಿ ಹಿಂಡಿ, ಹೋಳಿಗೆಯ ಪಾಲನ್ನು ಕಳೆಯಬಹುದು, ರೊಟ್ಟಿಯ ಪಾಲನ್ನು ಕಳೆಯುವಂತಿಲ್ಲ. ಹಿಂಡಿ, ಹೋಳಿಗೆ 6 ಲಕ್ಷವೇ ಇದ್ದರೆ ಮಾಮೂಲಿಯಲ್ಲಿ ತೆರಿಗೆ 30 ಸಾವಿರಕ್ಕೆ ಇಳಿಯುತ್ತದೆ, ಕಾಂಪೊಸಿಷನ್ ಮಾತ್ರ 48 ಸಾವಿರದಲ್ಲೇ ನಿಲ್ಲುತ್ತದೆ. ರೊಟ್ಟಿಯೇ ಹೆಚ್ಚಿದ್ದಷ್ಟೂ ಮಾಮೂಲಿ ನೋಂದಣಿ ಲೇಸು. ಇದಲ್ಲದೆ ಕಾಂಪೊಸಿಷನ್‌ನವರು ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ, ರೊಟ್ಟಿಯನ್ನೂ ಸಹ. ಸೊಲ್ಲಾಪುರ, ಹೈದರಾಬಾದಿನ ಗಿರಾಕಿಗಳಿರುವವರು ಅದರ ತಂಟೆಗೇ ಹೋಗಬಾರದು ಅನ್ನುವುದು ನನ್ನ ಗಟ್ಟಿ ಮಾತು.

ಕಾಂಪೊಸಿಷನ್‌ನ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಕಾಗದದ ಕೆಲಸ ಕಡಿಮೆ. ಮೂರು ತಿಂಗಳಿಗೊಮ್ಮೆ ಹಣ ಕಟ್ಟಿ CMP-08 ಹಾಕಬೇಕು, ವರ್ಷಕ್ಕೊಮ್ಮೆ GSTR-4. ಮಾಮೂಲಿಯಲ್ಲೂ ಸಣ್ಣವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯವಸ್ಥೆ ಇದೆ, ಆದರೆ ತೆರಿಗೆ ತಿಂಗಳು ತಿಂಗಳು ಕಟ್ಟಬೇಕು. ವ್ಯಾಪಾರ ಇಲ್ಲದ ಅವಧಿಗೂ ಸೊನ್ನೆ ರಿಟರ್ನ್ ಹಾಕಲೇಬೇಕು. "ಈ ಸಲ ಏನೂ ಮಾರಿಲ್ಲ, ಬಿಡ್ರಿ" ಅಂತ ಬಿಟ್ಟರೆ ದಿನದ ಲೆಕ್ಕದಲ್ಲಿ ತಡದ ಶುಲ್ಕ ಬೆಳೆಯುತ್ತದೆ.

ನೋಂದಣಿ ಆದ ಮೇಲೆ ಪ್ಯಾಕೆಟ್ ಕಟ್ಟುವುದರಲ್ಲೂ ಎಚ್ಚರ ಬೇಕು. ಹತ್ತು ರೊಟ್ಟಿ, ಒಂದು ಡಬ್ಬಿ ಹಿಂಡಿ ಸೇರಿಸಿ ಒಂದೇ ಬೆಲೆಗೆ ಗಿಫ್ಟ್ ಪ್ಯಾಕ್ ಮಾಡಿದರೆ ಶೇಕಡಾ 5 ಇಡೀ ಪ್ಯಾಕಿನ ಮೇಲೆ ಬೀಳಬಹುದು. ಬೇರೆ ಬೇರೆ ಬೆಲೆ ಹಾಕಿ, ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ.

ಆಹಾರದ ಎಫ್‌ಎಸ್‌ಎಸ್‌ಎಐ ವಿಷಯವನ್ನು ಇದರೊಂದಿಗೆ ಬೆರೆಸಬೇಡಿ. ಅದಕ್ಕೂ 40 ಲಕ್ಷಕ್ಕೂ ಸಂಬಂಧವಿಲ್ಲ. ತಿನ್ನುವ ವಸ್ತು ಮಾಡಿ ಮಾರುವ ಮನೆಗೆ ಮೊದಲ ಪ್ಯಾಕೆಟ್‌ನಿಂದಲೇ ಅದರ ನೋಂದಣಿ ಬೇಕು. ವ್ಯಾಪಾರ ಬೆಳೆದ ಮೇಲೆ ಅದು ಲೈಸೆನ್ಸ್ ಆಗುತ್ತದೆ. FoSCoS ಪೋರ್ಟಲ್‌ನಲ್ಲಿ ಅರ್ಜಿ, 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ. ಬರೀ ರೊಟ್ಟಿ ಮಾರುವವರಿಗೂ ಇದು ತಪ್ಪಿದ್ದಲ್ಲ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿದೆ ಅಲ್ವಾ? ಹಾಲು, ತರಕಾರಿಯಂಥ ತೆರಿಗೆ ಇಲ್ಲದ್ದನ್ನು ಮಾರುವವರಿಗೂ ಬಂತು. ಯುಪಿಐಗೆ ರೊಟ್ಟಿ ಯಾವುದು, ಹಿಂಡಿ ಯಾವುದು ಗೊತ್ತಾಗುವುದಿಲ್ಲ. ತಮ್ಮ ಕಳಿಸಿದ ಹಣ, ಚೀಟಿ ಎತ್ತಿದ ಹಣ, ಮಾರಾಟದ ಹಣ ಎಲ್ಲ ಒಂದೇ ಖಾತೆಗೆ ಬಿದ್ದಿದ್ದರೆ ಬಿಡಿಸಿ ಹೇಳುವುದು ನಿಮ್ಮ ಮೇಲೆಯೇ ಬರುತ್ತದೆ. ಅದಕ್ಕೆ ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಡಿ. ಒಂದು ನೋಟ್‌ಬುಕ್‌ನಲ್ಲಿ ದಿನವೂ ನಾಲ್ಕು ಕಲಂ ಬರೆಯಿರಿ: ರೊಟ್ಟಿ, ಹಿಂಡಿ ಮತ್ತು ಸಿಹಿ, ಕೂಲಿ ಮತ್ತು ಅಡುಗೆ ಕೆಲಸ, ಹೊರ ರಾಜ್ಯಕ್ಕೆ ಹೋದದ್ದು. ನಗದೂ ಅದರಲ್ಲೇ ಬರಲಿ. ತಿಂಗಳ ಕೊನೆಗೆ ಕೂಡಿಸಿ. ಒಟ್ಟು 30 ಲಕ್ಷ ದಾಟಿತೆಂದರೆ ಲೆಕ್ಕದವರ ಹತ್ತಿರ ಹೋಗಿ, 40 ಆಗುವವರೆಗೂ ಕಾಯಬೇಡಿ. ಮೂರನೇ ಕಲಂನಲ್ಲಿ ಏನಾದರೂ ಬರೆಯುತ್ತಿದ್ದರೆ 15 ಲಕ್ಷಕ್ಕೇ ಹೋಗಿ. ನಾಲ್ಕನೇ ಕಲಂನಲ್ಲಿ ಹಿಂಡಿಯೋ ಹೋಳಿಗೆಯೋ ಬರೆಯುವ ಪ್ರಸಂಗ ಬಂದರೆ, ಆ ಪಾರ್ಸಲ್ ಕಟ್ಟುವ ಮೊದಲೇ ಹೋಗಿ.