ಮೂರು ಕಾಸಿನ ವಿಷಯ

ಇನ್‌ವಾಯ್ಸ್ ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. "ನಿಮ್ಮ ಟೋಟಲ್ ತಾಳೆ ಆಗ್ತಿಲ್ಲ. ನನ್ನ ಲೆಕ್ಕದಲ್ಲಿ 95.90. ನೀವು 95.87 ಹಾಕಿದ್ದೀರಿ."

ಮೂರು ಕಾಸು! ಅದೂ ನಾನು ಕಮ್ಮಿ ಕೇಳಿದ್ದೆ. "ನಿಮಗೇ ಲಾಭ ಅಲ್ವಾ ಸರ್?" ಅಂದುಬಿಟ್ಟೆ. ಆಡಬಾರದ ಮಾತು ಅದು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಇಲ್ಲಿ ಮೂರು ಕಾಸು ಬಿಟ್ಟವನು ಇನ್ನೆಲ್ಲಿ ಮುನ್ನೂರು ಸೇರಿಸಿದ್ದಾನೋ ಅಂತ ಅವರು ಹುಡುಕುತ್ತಿದ್ದರು ಅನ್ನಿಸುತ್ತೆ. "ಸಾಫ್ಟ್‌ವೇರ್ ಹಾಗೇ ಮಾಡುತ್ತೆ ಸರ್" ಅಂತ ಸೇರಿಸಿದೆ. ಅನುಮಾನ ಇನ್ನೂ ಗಟ್ಟಿಯಾಯಿತು.

ಕೊನೆಗೆ ಪೆನ್ನು ಹಿಡಿದು ಕೂತೆ. ಏಳು ಸಾಲು, ಒಂದೊಂದೂ 12.45. ತೆರಿಗೆ ಶೇಕಡ 10. ಅಂದರೆ ಸಾಲಿಗೆ 1.245. ಅರ್ಧ ಕಾಸು ಕೊಡೋಕೆ ಬರಲ್ಲವಲ್ಲ, ಅವರು ಪ್ರತಿ ಸಾಲಿನಲ್ಲೂ ಅದನ್ನು 1.25 ಮಾಡಿ ಕೂಡಿದ್ದರು. ಏಳು ಸಲ ಅರ್ಧರ್ಧ ಕಾಸು ಮೇಲಕ್ಕೆ ಹೋಗಿ ತೆರಿಗೆ 8.75 ಆಯಿತು. ನನ್ನ ಸಾಫ್ಟ್‌ವೇರ್ ಮೊದಲು 87.15 ಅಂತ ಕೂಡಿ, ಅದರ ಮೇಲೆ 8.715 ತೆರಿಗೆ ಹಾಕಿ, ಒಂದೇ ಸಲ ರೌಂಡ್ ಮಾಡಿ 8.72 ಅಂದಿತ್ತು. ಇಬ್ಬರದೂ ಸರಿ. ರೌಂಡ್ ಮಾಡಿದ ಜಾಗ ಬೇರೆ, ಅಷ್ಟೇ.

ಇದನ್ನೇ ಬರೆದು ಕಳಿಸಿದೆ. ಜೊತೆಗೆ ಒಂದು ಅಳತೆಗೋಲನ್ನೂ ಕೊಟ್ಟೆ: ಸಾಲಿಗೆ ಹೆಚ್ಚೆಂದರೆ ಅರ್ಧ ಕಾಸು, ಟೋಟಲ್‌ಗೆ ಇನ್ನೊಂದು ಅರ್ಧ. ಏಳು ಸಾಲಿಗೆ ನಾಲ್ಕು ಕಾಸಿನೊಳಗೆ ವ್ಯತ್ಯಾಸ ಬಂದರೆ ರೌಂಡಿಂಗ್ ಇರಬಹುದು, ಅದಕ್ಕಿಂತ ಜಾಸ್ತಿ ಆದರೆ ನನ್ನದೋ ನಿಮ್ಮದೋ ತಪ್ಪು. ಮುಂದಿನ ಇನ್‌ವಾಯ್ಸ್‌ಗಳ ಕೆಳಗೆ "ತೆರಿಗೆಯನ್ನು ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಿ ಒಮ್ಮೆ ಮಾತ್ರ ರೌಂಡ್ ಮಾಡಲಾಗಿದೆ" ಅಂತ ಒಂದು ಸಾಲನ್ನೂ ಸೇರಿಸಿದೆ. ಕೇಳುವ ಮೊದಲೇ ಹೇಳಿದರೆ ಅದು ವಿವರಣೆ, ಕೇಳಿದ ಮೇಲೆ ಹೇಳಿದರೆ ಸಬೂಬು. ಅವರು "ಓಹೋ, ಸರಿ" ಅಂದರು. ನಾನು ಒಳಗೊಳಗೇ ಮೀಸೆ ತಿರುವಿದೆ.

ಮುಂದಿನ ತಿಂಗಳು ಮತ್ತೆ ಫೋನ್. "ಈ ಸಲ ಒಂಬತ್ತು ಕಾಸು ವ್ಯತ್ಯಾಸ."

"ರೌಂಡಿಂಗ್ ಸರ್!" ನೋಡದೇ ಹೇಳಿದೆ.

"ಐದೇ ಸಾಲು ಇರೋದು. ನಿಮ್ಮ ಲೆಕ್ಕದಲ್ಲಿ ಮೂರು ಕಾಸು ದಾಟಬಾರದು. ಅದೂ ಅಲ್ಲದೆ ತೆರಿಗೆ ಹಾಕೋಕೆ ಮುಂಚೆಯೇ ಒಂಬತ್ತು ಜಾಸ್ತಿ ಇದೆ. ಅಲ್ಲಿ ರೌಂಡ್ ಮಾಡೋಕೆ ಏನಿದೆ?"

ನಾನು ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತೆ.

"ವ್ಯತ್ಯಾಸ ಒಂಬತ್ತರಿಂದ ಭಾಗ ಆದ್ರೆ ಅಂಕಿ ಅದಲುಬದಲು ಆಗಿರೋ ಸಾಧ್ಯತೆ ಇರುತ್ತೆ. ನೋಡಿ ಒಂದ್ಸಲ."

ನೋಡಿದೆ. ನಾಲ್ಕನೇ ಸಾಲಿನಲ್ಲಿ 12.45 ಬದಲು 12.54 ಅಂತ ಕುಟ್ಟಿದ್ದೆ.