ಕೊನೆಯ ಸಾಲಿನಲ್ಲಿ ಏನು ಕೇಳುತ್ತೀರಿ?

ಅಡಿಕೆ ಕೊಳೆರೋಗದ ಬಗ್ಗೆ ಒಬ್ಬರು ಫೇಸ್‌ಬುಕ್‌ನಲ್ಲಿ ಒಳ್ಳೆಯ ಬರಹ ಹಾಕಿದ್ದಾರೆ ಅಂದುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಎಲ್ಲ ಸರಿಯಾಗಿದೆ. ಆದರೆ ಕೊನೆಗೆ "ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ, ಅನಿಸಿಕೆ ತಿಳಿಸಿ" ಅಂತ ಮುಗಿಸಿಬಿಟ್ಟರೆ ಕೆಳಗೆ ಬರುವುದು "ಉತ್ತಮ ಮಾಹಿತಿ ಸರ್", ಮತ್ತೆ ಕೈ ಮುಗಿದ ಚಿತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಾರರು ಓದಿರುತ್ತಾರೆ. ಒಬ್ಬರ ತೋಟದ ಸುದ್ದಿಯೂ ಸಿಗುವುದಿಲ್ಲ.

ಅವರ ಹತ್ತಿರ ಹೇಳಲು ಏನೂ ಇಲ್ಲ ಅಂತಲ್ಲ. "ಅನಿಸಿಕೆ" ಅಂದಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ. ಫೋನ್ ಹಿಡಿದು ಒಂದು ಸಾಲಿನಲ್ಲಿ, ನೆನಪಿನಿಂದಲೇ ಬರೆಯಬಹುದಾದ ಉತ್ತರ ಬೇಕು. ಹಾಗಾಗಿ ಪ್ರಶ್ನೆ ಹೀಗಿರಲಿ: "ಈ ವರ್ಷ ಮೊದಲ ಮದ್ದು ಹೊಡೆದ ಎಷ್ಟು ದಿನಕ್ಕೆ ಎರಡನೆಯದು ಹೊಡೆದಿರಿ? ಊರಿನ ಹೆಸರೂ ಬರೆಯಿರಿ."

ಇದರಲ್ಲಿ ಸರಿ–ತಪ್ಪು ಉತ್ತರ ಅಂತಿಲ್ಲ, ಯಾರಿಗೂ ಅಂಜಿಕೆಯಿಲ್ಲ. "ನಲವತ್ತೈದು ದಿನದೊಳಗೆ ಯಾಕೆ ಹೊಡೆಯಲಿಲ್ಲ?" ಅಂತ ಕೇಳಿದ್ದರೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗದೆ ಅರವತ್ತು ದಿನ ಕಾದವರು ಸುಮ್ಮನಿರುತ್ತಿದ್ದರು. ನಮಗೆ ಹೆಚ್ಚು ಬೇಕಾಗಿರುವುದು ಅವರ ಉತ್ತರವೇ. "ನೀವು ಎರಡು ಸಲ ಹೊಡೆಯುತ್ತೀರಾ?" ಅಂದರೆ "ಹೌದು" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಊರಿನ ಹೆಸರು ಕೇಳುವುದಕ್ಕೂ ಕಾರಣವಿದೆ: ಘಟ್ಟದ ಮೇಲಿನವರ ಉತ್ತರದ ಪಕ್ಕದಲ್ಲಿ ಕುಮಟಾ, ಅಂಕೋಲೆಯವರದ್ದು ಬಂದಾಗ ಅವರವರೇ ಹೋಲಿಸಿ ಮಾತಾಡಲು ತೊಡಗುತ್ತಾರೆ.

ಪ್ರಶ್ನೆ ಒಂದೇ ಇರಲಿ. ಅದರ ಬೆನ್ನಿಗೆ "ಯಾವ ಸುಣ್ಣ ಬಳಸುತ್ತೀರಿ, ಗೊನೆಗೆ ಕೊಟ್ಟೆ ಕಟ್ಟುತ್ತೀರಾ" ಅಂತ ಸೇರಿಸಿದರೆ ಓದುವವರು ಆಮೇಲೆ ಬರೆದರಾಯಿತು ಅಂತ ಮುಂದೆ ಹೋಗುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಬರಹ ಉದ್ದವಿದ್ದರೆ ಕೊನೆಯ ಸಾಲು "ಇನ್ನಷ್ಟು ನೋಡಿ" ಎಂಬುದರ ಹಿಂದೆ ಅಡಗಿರುತ್ತದೆ. ಹಾಗಾಗಿ ಎರಡನೇ ಮದ್ದಿನ ದಿನದ ಮಾತನ್ನು ಮೊದಲ ಎರಡು ಸಾಲಿನಲ್ಲೇ ಎತ್ತಿರಬೇಕು.

ಲೈಕ್ ಬೇಡುವುದರಲ್ಲಿ ಇನ್ನೊಂದು ನಷ್ಟವಿದೆ. ಲೈಕ್, ಶೇರ್, ಟ್ಯಾಗ್, ಕಮೆಂಟ್ ಮಾಡಿ ಅಂತ ಗೋಗರೆಯುವ ಪೋಸ್ಟ್‌ಗಳನ್ನು ಕಡಿಮೆ ಜನರಿಗೆ ತೋರಿಸುತ್ತೇವೆ ಅಂತ 2017ರ ಡಿಸೆಂಬರ್‌ನಲ್ಲೇ ಫೇಸ್‌ಬುಕ್ ಹೇಳಿತ್ತು. ನಿಜವಾಗಿ ಸಲಹೆ, ಸಹಾಯ ಕೇಳುವ ಪೋಸ್ಟ್‌ಗಳಿಗೆ ಇದು ತಾಗುವುದಿಲ್ಲ ಅಂತಲೂ ಆಗಲೇ ಸ್ಪಷ್ಟಪಡಿಸಿತ್ತು.

ಮೊದಲ ಉತ್ತರ ಬಂದ ಕೂಡಲೇ "ಧನ್ಯವಾದ" ಅಂದು ಬಾಗಿಲು ಹಾಕಬೇಡಿ. "ಐವತ್ತೆರಡು ದಿನ, ಹೆಗಡೆಕಟ್ಟಾ" ಅಂತ ಬರೆದವರಿಗೆ "ನಡುವೆ ಮಳೆ ಹೊಳವಾಗಿತ್ತಾ? ಕಾಯಿ ಉದುರಿತಾ?" ಅಂತ ಕೇಳಿ. ನಾಲ್ಕು ದಿನದ ನಂತರ, ಅಷ್ಟರಲ್ಲಿ ಬಂದ ಊರು, ದಿನಗಳನ್ನೆಲ್ಲ ಬರಹದ ಕೆಳಗೇ ಸೇರಿಸಿ. ತಮ್ಮ ಒಂದು ಸಾಲು ಅಲ್ಲಿ ಕಂಡವರು ಮುಂದಿನ ಸಲ ಕೇಳುವ ಮೊದಲೇ ಬರೆಯುತ್ತಾರೆ.

ನೀವು ಇತ್ತೀಚೆಗೆ ಹಾಕಿದ ಬರಹದ ಕೊನೆಯ ಸಾಲು ಏನಿತ್ತು? ಇದ್ದ ಹಾಗೇ ಇಲ್ಲಿ ಬರೆಯಿರಿ, ಒಟ್ಟಿಗೆ ತಿದ್ದೋಣ.