ನಿದ್ದೆ ಮಾತ್ರೆ ತಗೊಳ್ಳುವವರು ‘ಆ ಮಾತ್ರೆ’ ಕೇಳುವ ಮೊದಲು

ಉಡುಪಿಯಲ್ಲಿ ನನ್ನದೊಂದು ಮೆಡಿಕಲ್ ಇದೆ. ಗಂಡಸರು ಅಂಗಡಿ ಖಾಲಿಯಾಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವ ಮಾತ್ರೆ ಸಿಲ್ಡೆನಾಫಿಲ್, ನಿಮಿರುವಿಕೆಯ ತೊಂದರೆಗೆ ಇರುವುದು. ಹಾಗೆ ಕೇಳುವವರಲ್ಲಿ ಕೆಲವರು ವರ್ಷಗಟ್ಟಲೆ ಆಲ್‌ಪ್ರಜೋಲಮ್ ಅಥವಾ ಕ್ಲೋನಜೆಪಮ್ ಎಂಬ ನಿದ್ದೆ ಮಾತ್ರೆ ನುಂಗುತ್ತಿರುತ್ತಾರೆ. ಇವೆರಡಕ್ಕೂ ಸಂಬಂಧ ಇರಬಹುದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಬೇಸರ ಇರುವುದು ಅದಕ್ಕೇ.

ಈ ನಿದ್ದೆ ಮಾತ್ರೆಗಳು ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ಪ್ರಭಾವ ಹೆಚ್ಚಿಸುತ್ತವೆ. ನರಗಳ ಚುರುಕು ತಗ್ಗುತ್ತದೆ, ಹೆದರಿಕೆ ಇಳಿಯುತ್ತದೆ, ನಿದ್ದೆ ಬರುತ್ತದೆ. ಆಸೆ ಹುಟ್ಟುವುದೂ ಅದೇ ಮೆದುಳಿನಲ್ಲಿ ಅಲ್ವಾ? ಕೆಲವರಿಗೆ ಅದೂ ಮಂಕಾಗುತ್ತದೆ, ನಿಮಿರುವಿಕೆ ಸಡಿಲವಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಸಿಲ್ಡೆನಾಫಿಲ್ ರಕ್ತದ ಹರಿವಿಗೆ ಸಹಾಯ ಮಾಡುತ್ತದೆ ಅಷ್ಟೇ, ಇಲ್ಲದ ಆಸೆಯನ್ನು ತರುವುದಿಲ್ಲ. ಎದೆನೋವಿಗೆ ನಾಲಿಗೆ ಅಡಿಯಲ್ಲಿ ಇಡುವ ನೈಟ್ರೇಟ್ ಮಾತ್ರೆ ಇರುವವರಿಗಂತೂ ಅದು ಪ್ರಾಣಕ್ಕೇ ಅಪಾಯ.

ಪರಿಚಯದವರೊಬ್ಬರ ಕಥೆ ಹೇಳುತ್ತೇನೆ, ಅವರ ಒಪ್ಪಿಗೆ ಇದೆ. ವಯಸ್ಸು ಐವತ್ತರ ಹತ್ತಿರ. ಗಲ್ಫ್‌ನಲ್ಲಿ ಕೆಲಸ ಹೋದಾಗ ನಿದ್ದೆಗೆಂದು ರಾತ್ರಿ 0.5 ಮಿಲಿಗ್ರಾಂ ಆಲ್‌ಪ್ರಜೋಲಮ್ ಶುರುವಾಗಿತ್ತು. ಊರಿಗೆ ಬಂದು ಬೇರೆ ಕೆಲಸ ಸಿಕ್ಕಿದರೂ ಮಾತ್ರೆ ನಿಲ್ಲಲಿಲ್ಲ. ಒಮ್ಮೆ ಅವರೇ ದಿಢೀರ್ ನಿಲ್ಲಿಸಿದರು. ಎರಡನೇ ರಾತ್ರಿಗೆ ಕೈ ನಡುಕ, ಬೆವರು, ಮಿಕ್ಸಿ ಶಬ್ದಕ್ಕೂ ಬೆಚ್ಚಿಬೀಳುವುದು. ‘ನನ್ನ ಕಾಯಿಲೆ ಹೋಗಿಲ್ಲ ಮಾರಾಯ್ರೆ’ ಅಂತ ಮತ್ತೆ ಶುರು ಮಾಡಿದರು. ಆದರೆ ಮೊದಲು ಅವರಿಗೆ ನಡುಕವೂ ಇರಲಿಲ್ಲ, ಶಬ್ದದ ತೊಂದರೆಯೂ ಇರಲಿಲ್ಲ. ಹಿಂದೆ ಇಲ್ಲದ ಲಕ್ಷಣ ಮಾತ್ರೆ ಬಿಟ್ಟ ಕೂಡಲೇ ಬಂದರೆ, ಅದು ಹಳೆ ಕಾಯಿಲೆಗಿಂತ ಮಾತ್ರೆ ಬಿಟ್ಟದ್ದರಿಂದ ಬಂದಿರುವುದೇ ಜಾಸ್ತಿ. ಹೀಗೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.

ಆಸೆ, ನಿಮಿರುವಿಕೆ ಎರಡೂ ಕುಗ್ಗಿದ್ದರಿಂದ ಕೊನೆಗೆ ಅವರು ಮನೋವೈದ್ಯರ ಹತ್ತಿರ ಹೋದರು. ಡಾಕ್ಟರು ಮೊದಲು ಶುಗರ್, ಬಿಪಿ, ಬೆಳಗಿನ ಹೊತ್ತು ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಪರೀಕ್ಷೆ ಮಾಡಿಸಿದರು. ನಿಮಿರುವಿಕೆಯ ತೊಂದರೆಗೆ ಶುಗರ್, ಹೃದಯದ ರಕ್ತನಾಳಗಳೂ ಕಾರಣ ಇರಬಹುದು, ಎಲ್ಲವನ್ನೂ ನಿದ್ದೆ ಮಾತ್ರೆಯ ತಲೆಗೆ ಕಟ್ಟಬಾರದು. ವರದಿಗಳು ಸರಿಯಿದ್ದವು. ಆಲ್‌ಪ್ರಜೋಲಮ್ ಬೇಗ ಇಳಿದುಹೋಗುವ ಮಾತ್ರೆ, ಆದ್ದರಿಂದ ನಿಧಾನವಾಗಿ ಇಳಿಯುವ ಡಯಾಜೆಪಮ್‌ಗೆ ಹಂತಹಂತವಾಗಿ ಬದಲಾಯಿಸಿದರು. ಡಾಕ್ಟರ ಲೆಕ್ಕದಲ್ಲಿ 0.5 ಮಿಲಿಗ್ರಾಂ ಆಲ್‌ಪ್ರಜೋಲಮ್‌ಗೆ ಸುಮಾರು 10 ಮಿಲಿಗ್ರಾಂ ಡಯಾಜೆಪಮ್. ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಈ ದಾರಿ ಸಾಮಾನ್ಯವಾಗಿ ಆಗುವುದಿಲ್ಲ, ಡಯಾಜೆಪಮ್ ಮೈಯಲ್ಲಿ ಸೇರಿಕೊಂಡು ಬೀಳುವ ಅಪಾಯ ಹೆಚ್ಚುತ್ತದೆ. ಇದು ಆ ಪರಿಚಯದವರ ಲೆಕ್ಕ, ನಿಮ್ಮದಲ್ಲ.

ನಂತರ ಎರಡು ಮೂರು ವಾರಕ್ಕೊಮ್ಮೆ 1 ಮಿಲಿಗ್ರಾಂ ಕಡಿತ. 2 ಮಿಲಿಗ್ರಾಂ ಮಾತ್ರೆಯನ್ನು ಅರ್ಧ ಮಾಡಿದರೆ ಅಳತೆ ಸಿಗುತ್ತದೆ. ಮಧ್ಯದಲ್ಲಿ ನಿದ್ದೆ ಕೆಟ್ಟಾಗ ಡಾಕ್ಟರು ಡೋಸ್ ಏರಿಸಲಿಲ್ಲ, ಅದೇ ಡೋಸನ್ನು ಇನ್ನೂ ಕೆಲವು ವಾರ ಮುಂದುವರಿಸಿದರು. 5ಕ್ಕೆ ಬಂದಾಗ 1 ಅಂದರೆ ಐದರಲ್ಲೊಂದು ಪಾಲು, ಆದ್ದರಿಂದ ಅಲ್ಲಿಂದ ಅರ್ಧರ್ಧ ಮಿಲಿಗ್ರಾಂ ಮಾತ್ರ ಕಡಿತ. ಕೊನೆಯ ಭಾಗವೇ ನಿಧಾನ. ‘ಒಂದು ದಿನ ಬಿಟ್ಟು ಒಂದು ದಿನ ತಗೊಳ್ತೇನೆ’ ಅನ್ನುವವರಿದ್ದಾರೆ, ದಯವಿಟ್ಟು ಬೇಡ. ಅದರಿಂದ ರಕ್ತದಲ್ಲಿನ ಮಟ್ಟ ಏರಿಳಿಯುತ್ತದೆ, ಮಧ್ಯದ ರಾತ್ರಿ ಮತ್ತೆ ನರಳಾಟ. ಬದಲಿಗೆ ಸಂಜೆ ಒಂದು ಪೆಗ್ ಅಂದರೆ ಇನ್ನೂ ಕೆಟ್ಟದ್ದು, ಸಾರಾಯಿಯೂ ಅದೇ ಗಾಬಾ ದಾರಿಯಲ್ಲೇ ಹೋಗುತ್ತದೆ. ಎರಡೂ ಸೇರಿದರೆ ಉಸಿರೇ ನಿಧಾನವಾಗಬಹುದು.

ಜೊತೆಗೆ ನಿದ್ದೆಗಾಗಿಯೇ ಇರುವ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸ ತಿದ್ದುವ ತರಬೇತಿ ಕೊಟ್ಟರು. ಎಷ್ಟೇ ತಡವಾಗಿ ನಿದ್ದೆ ಬಂದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರುವುದು. ಹೆಂಡತಿಯನ್ನೂ ಕರೆಸಿ ಮಾತಾಡಿದರು. ಗಂಡನಿಗೆ ತನ್ನ ಮೇಲೆ ಬೇಸರ ಅಂತ ಅವರು ಅಷ್ಟು ದಿನ ಅಂದುಕೊಂಡಿದ್ದರಂತೆ. ಅರ್ಧ ದಾರಿ ದಾಟುವಾಗ ಬೆಳಗಿನ ನಿಮಿರುವಿಕೆ ಮರಳಿತು. ಆಸೆ ಅದಕ್ಕಿಂತ ತಡವಾಗಿ ಬಂತು.

ನಿಮ್ಮ ಸ್ಟ್ರಿಪ್ಪಿನ ಹಿಂಭಾಗ ಓದಿ. ಕ್ಲೋನಜೆಪಮ್ ಜೊತೆ ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಅಥವಾ ಬಿಪಿ, ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಸೇರಿಸಿದ ಮಾತ್ರೆಗಳು ಬಹಳ ಇವೆ. ಆಸೆ ಕುಂದಲು ಹಾಗೆ ಸೇರಿಸಿದ ಔಷಧಿಯೇ ಕಾರಣ ಇರಬಹುದು. ಅದನ್ನೂ ತಾನೇ ನಿಲ್ಲಿಸುವಂತಿಲ್ಲ, ಪ್ರತಿಯೊಂದಕ್ಕೂ ಬೇರೆ ಲೆಕ್ಕ.

ಆಲ್‌ಪ್ರಜೋಲಮ್, ಡಯಾಜೆಪಮ್ ಕಾನೂನಿನ ಎಚ್‌1 ಎಂಬ ಔಷಧಿ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಟ್ಟರೆ ತಪ್ಪು, ರಿಜಿಸ್ಟರಿನಲ್ಲಿ ಬರೆಯಲೇಬೇಕು. ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಒಯ್ಯುವವರಿಗೆ ನಾನು ಡಾಕ್ಟರ ಹತ್ತಿರ ಹೋಗಿ ಅಂದರೆ ಕೋಪ ಬರುತ್ತದೆ, ಬರಲಿ. ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್, ಇಲ್ಲದ್ದು ಕಾಣುವುದು, ಗೊಂದಲ, ಸಾಯುವ ಯೋಚನೆ ಬಂದರೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.